ಕಟ್ಟಿಟ್ಟ ಸಾಲು

ಬೆಟಗೇರಿಯ ನಮ್ಮ ಪ್ರೆಸ್ಸಿನಲ್ಲಿ ರಾತ್ರಿ ಹತ್ತರ ಮೇಲೆ ಉಳಿಯುವವರು ಮೂರೇ ಜನ. ಟೈಪ್ ಮಾಡುವ ನಾನು, ಬೆಳಗಿನ ಜಾವ ಮಷೀನು ಓಡಿಸುವ ರಮೇಶ, ಕಾಗದದ ರೀಮುಗಳ ಮೇಲೆ ಹಾಸಿಕೊಂಡು ಮಲಗುವ ಬಸಣ್ಣಜ್ಜ. ಅಜ್ಜ ಒಂದು ಕಾಲಕ್ಕೆ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು. ಈಗ ಕಾವಲು ಕಾಯುತ್ತಾರೆ.

ಅವತ್ತು ಜಾತ್ರೆಯ ಪುಸ್ತಕದ ಕೆಲಸ. ದೇಣಿಗೆ ಕೊಟ್ಟವರ ಪಟ್ಟಿ, 1,140 ಹೆಸರು. ಮಾಲೀಕರು ವಹಿ ಕೈಗಿಟ್ಟು, ‘ಐದಕ್ಕ ಬಟರ್ ಪೇಪರ್ ರೆಡಿ ಇರಬೇಕು ನೋಡಪಾ’ ಎಂದು ಹೇಳಿ ಹೋಗಿದ್ದರು. ಅಚ್ಚಿನ ಪ್ಲೇಟು ಮಾಡೋದು ಆ ಕಾಗದದ ಮೇಲಿನ ಪ್ರಿಂಟಿನಿಂದಲೇ. ಅಂದಾಜು ಹಾಕಿದೆ. ಹನ್ನೊಂದಕ್ಕೆ ಕೂತರೆ ಟೈಪಿಂಗೇ ನಾಲ್ಕಕ್ಕೆ ಮುಗಿಯುತ್ತದೆ. ತಿದ್ದೋಕೆ ಹೊತ್ತೇ ಇರೋದಿಲ್ಲ.

ಹೆಸರು ಕಷ್ಟವಲ್ಲ. ಊರು ಕಷ್ಟ. ‘ಹುಲಕೋಟಿ, ತಾ. ಜಿ. ಗದಗ’. ಮತ್ತೆ ‘ಲಕ್ಕುಂಡಿ, ತಾ. ಜಿ. ಗದಗ’. ಮತ್ತೆ ಹುಲಕೋಟಿ. ನಲವತ್ತು ಸಾಲಿಗೇ ಬಲಗೈ ಮಣಿಕಟ್ಟು ಹಿಡಿದುಕೊಂಡಿತು. ಕೈ ಜಾಡಿಸಿದ್ದನ್ನು ಅಜ್ಜ ನೋಡಿದರು.

‘ಅದನ್ನ ಅದನ್ನ ಯಾಕ ಹೊಡೀತಿ ತಮ್ಮಾ? ನಾವು ಮದುವಿ ಸೀಜನ್ನಿನ್ಯಾಗ ‘ಆಗಮನಾಭಿಲಾಷಿಗಳು’ ಅನ್ನೋ ಸಾಲು ಒಮ್ಮೆ ಜೋಡಿಸಿ, ದಾರ ಸುತ್ತಿ ಇಟ್ಟುಬಿಡ್ತಿದ್ವಿ. ಯಾರ ಮದುವಿಗಾದ್ರೂ ಅದ ಸಾಲು. ಹೆಸರಷ್ಟ ಬ್ಯಾರೆ.’

ಅಷ್ಟು ಹೇಳಿ ಮಗ್ಗುಲು ಬದಲಿಸಿದರು. ನಾನು ಮಾತ್ರ ಕೀಬೋರ್ಡ್ ಮೇಲೆ ಕೈಯಿಟ್ಟು ಹಾಗೇ ಕೂತೆ.

ವಹಿ ತಿರುವಿ ನೋಡಿದೆ. ಇಷ್ಟು ಜನ ಸೇರಿ ಊರು ಹದಿನಾಲ್ಕೇ! ಒಂದು ಚೀಟಿಯಲ್ಲಿ ಬರೆದುಕೊಂಡೆ. 1 ಲಕ್ಕುಂಡಿ, 2 ಹುಲಕೋಟಿ, 3 ಮುಳಗುಂದ, 4 ಹೊಂಬಳ, 5 ಕುರ್ತಕೋಟಿ, ಹೀಗೆ ಹದಿನಾಲ್ಕರ ತನಕ. ಆಮೇಲೆ ಊರು ಬರುವ ಕಡೆಯಲ್ಲೆಲ್ಲ `#1`, `#2` ಅಂತ ಅಷ್ಟೇ ಹೊಡೆಯುತ್ತಾ ಹೋದೆ. ಸಾಲಿಗೆ ಮೂರು ನಾಲ್ಕು ಸೆಕೆಂಡು ಉಳಿತಾಯ. ಕೇಳೋಕೆ ಏನೂ ಅಲ್ಲ. ಸಾವಿರದ ನೂರು ಸಾಲಿಗೆ ಲೆಕ್ಕ ಹಾಕಿದರೆ ಒಂದು ತಾಸು.

ಮೂರಕ್ಕೆ ಕೊನೆಯ ಸಾಲು ಮುಗಿಯಿತು. ಹುಡುಕಿ ಬದಲಿಸಲು `Ctrl+H` ಒತ್ತಿದೆ. ಮೇಲೆ `#1`, ಕೆಳಗೆ ‘ಲಕ್ಕುಂಡಿ, ತಾ. ಜಿ. ಗದಗ’. `Alt+A`. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಬದಲಾಯಿತು. ಖುಷಿಯಿಂದ ಕೆಳಗೆ ಸರಿಸಿದರೆ ಎದೆ ಧಸಕ್ಕೆಂದಿತು. ‘ಲಕ್ಕುಂಡಿ, ತಾ. ಜಿ. ಗದಗ0’. ಅದರ ಕೆಳಗೆ ‘ಗದಗ2’. `#10`, `#12` ಒಳಗಿನ `#1` ಕೂಡ ಲಕ್ಕುಂಡಿಯಾಗಿತ್ತು.

`Ctrl+Z`. ಎಲ್ಲ ಮೊದಲಿನ ಹಾಗಾಯಿತು. ನೀರು ಕುಡಿದು ಬಂದು ಯೋಚಿಸಿದೆ. ದೊಡ್ಡ ಅಂಕಿಯಿಂದ ಶುರು ಮಾಡಿದರೆ? ಮೊದಲು `#14`, ಆಮೇಲೆ `#13`, ಹೀಗೆ ಇಳಿಯುತ್ತಾ ಬಂದೆ. `#1` ಕೊನೆಗೆ. ಈ ಸಲ ಒಂದೂ ತಪ್ಪಲಿಲ್ಲ.

ಗಡಿಯಾರ ನೋಡಿದೆ. ಮೂರೂ ಹತ್ತು. ರಾತ್ರಿ ಪಾಳಿಗೆ ಬಂದು ಆರು ವರ್ಷವಾಯಿತು, ಈ ಹೊತ್ತಿಗೆ ಕೈ ಖಾಲಿಯಾಗಿದ್ದೇ ಇಲ್ಲ. ರಮೇಶ ಇನ್ನೂ ಗೊರಕೆ ಹೊಡೆಯುತ್ತಿದ್ದ. ತಲೆಯಿಟ್ಟು ಮಲಗಬಹುದಿತ್ತು. ಆದರೆ ಪಟ್ಟಿಯ ಕೊನೆಯ ನಂಬರು 1,129 ಅಂತ ತೋರಿಸುತ್ತಿತ್ತು.

ಅಜ್ಜನನ್ನು ಎಬ್ಬಿಸಿದೆ.

‘ಹನ್ನೊಂದು ಹೆಸರು ಕಡಿಮಿ ಬರ್ತಾವ ಅಜ್ಜಾ.’

‘ಹಂಗಾರ ಓದು. ನಾ ವಹಿ ಹಿಡೀತೀನಿ.’

ನಾನು ಓದುತ್ತಾ ಹೋದೆ. ಅಜ್ಜ ದಪ್ಪ ಕನ್ನಡಕ ಏರಿಸಿ, ಬೆರಳು ಜಾರಿಸುತ್ತಾ ‘ಹೂಂ, ಹೂಂ’ ಎನ್ನುತ್ತಿದ್ದರು. ಹಾದಿಯಲ್ಲಿ ನನ್ನ ಮೂರು ತಪ್ಪು ಹಿಡಿದರು. ‘ದ್ಯಾಮವ್ವ’ ಇದ್ದದ್ದನ್ನು ‘ದೇವವ್ವ’ ಮಾಡಿದ್ದೆ. 412ನೇ ಹೆಸರು ದಾಟಿದ ಮೇಲೆ ಅವರ ಬೆರಳು ನಿಂತಿತು.

‘ಇಲ್ಲಿ 424 ಐತಿ.’

ವಹಿಯಲ್ಲಿ ಹಾಳೆಯ ಒಂದೇ ಬದಿಗೆ ಬರೆದಿದ್ದರು. ಪ್ರಸಾದದ ಬೆಲ್ಲವೋ ಏನೋ ತಾಗಿ ಎರಡು ಹಾಳೆ ಅಂಟಿಕೊಂಡಿದ್ದವು. ಅಜ್ಜ ಉಗುರಿಗೆ ನೀರು ಹಚ್ಚಿ, ಮೊಳೆ ಎತ್ತುವ ಹಾಗೆ, ಹರಿಯದಂತೆ ಬಿಡಿಸಿದರು. ಒಳಗೆ ಹನ್ನೊಂದು ಹೆಸರು. 51 ರೂಪಾಯಿ, 101 ರೂಪಾಯಿ, ಒಬ್ಬರದು ಎರಡು ಚೀಲ ಜೋಳ. ಊರ ಜಾತ್ರೆಯ ಪುಸ್ತಕದಲ್ಲಿ ಹೆಸರು ಬಿಟ್ಟುಹೋದರೆ ಆ ಮನೆಯವರ ಮನಸ್ಸಿಗೆ ಏನಾಗುತ್ತದೆ, ಅದನ್ನು ನಾನು ನಮ್ಮವ್ವನ ಮುಖದಲ್ಲಿ ಒಮ್ಮೆ ನೋಡಿದ್ದೇನೆ.

ಟೈಪ್ ಮಾಡಲು ಕೂತೆ. ಚೀಟಿ ಪಕ್ಕದಲ್ಲೇ ಇತ್ತು. ಆದರೂ ಈ ಹನ್ನೊಂದು ಸಾಲಿಗೆ ಊರನ್ನು ಪೂರ್ತಿ ಹೊಡೆದೆ, ಒಂದೊಂದೇ ಅಕ್ಷರ. ಅಜ್ಜ ಹಿಂದೆ ನಿಂತು ಓದಿ ಹೇಳುತ್ತಿದ್ದರು.

ನಾಲ್ಕೂವರೆಗೆ ರಮೇಶ ಎದ್ದು ಕಣ್ಣುಜ್ಜುತ್ತಾ ಬಂದ. ‘ಇನ್ನೂ ಎಷ್ಟ್ ಐತ್ರಿ?’

‘ಆತು. ಪ್ರಿಂಟ್ ಕೊಟ್ಟೀನಿ ನೋಡು’ ಎಂದು ಬೆಚ್ಚಗಿದ್ದ ಬಟರ್ ಪೇಪರ್ ಅವನ ಕೈಗಿಟ್ಟೆ. ಅಜ್ಜ ಚಹಾ ತರಲು ಥರ್ಮಾಸು ಹಿಡಿದು ಆಗಲೇ ಹೊರಟಿದ್ದರು.