ಅಕೌಂಟ್ಸ್ ಎಕ್ಸಿಕ್ಯೂಟಿವ್ ಹುದ್ದೆಗೆ ಅರ್ಜಿ: ಹತ್ತು ವರ್ಷದ ಬಿಡುವಿನ ನಂತರ

ಮಾನ್ಯರೇ,

ನಮಸ್ಕಾರ. ನಿಮ್ಮ ಸಂಸ್ಥೆಯ ಖರೀದಿ ಬಿಲ್ ವಿಭಾಗದಲ್ಲಿ ಖಾಲಿ ಇರುವ ಅಕೌಂಟ್ಸ್ ಎಕ್ಸಿಕ್ಯೂಟಿವ್ ಹುದ್ದೆಗೆ ಅರ್ಜಿ ಹಾಕಿದ್ದೇನೆ. ರೆಸ್ಯೂಮೆ ಜೊತೆಗಿದೆ. ಅದರಲ್ಲಿ ಪೂರ್ಣಾವಧಿ ಕೆಲಸದ ಅನುಭವ 2015ರ ಡಿಸೆಂಬರ್‌ಗೆ ನಿಲ್ಲುತ್ತದೆ. ಅಲ್ಲಿಂದ ಈಚಿನದನ್ನು ಹೇಳಲು ಪೋರ್ಟಲ್‌ನ ಫಾರಂನಲ್ಲಿ ಜಾಗ ಸಾಲುವುದಿಲ್ಲ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದವಾಗಿದೆ. ದಯವಿಟ್ಟು ಪೂರ್ತಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಸಣ್ಣ ಪೂರೈಕೆದಾರರ ಜೊತೆ ಕನ್ನಡದಲ್ಲಿ ವ್ಯವಹರಿಸಲು ಬರಬೇಕು ಎಂದು ನಿಮ್ಮ ಜಾಹೀರಾತಿನಲ್ಲಿದೆ. ಹಾಗಾಗಿ ಪತ್ರವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಮೊದಲು ಬಿಡುವಿನ ಕಾರಣ. ನನ್ನ ಎರಡನೇ ಮಗು ಹುಟ್ಟಿದ ವರ್ಷವೇ ಮಾವನವರಿಗೆ ಪಾರ್ಶ್ವವಾಯು ಆಯಿತು. ಅವರನ್ನು ಎಬ್ಬಿಸಿ ಕೂರಿಸಲು ಪಕ್ಕದಲ್ಲಿ ಯಾವಾಗಲೂ ಒಬ್ಬರು ಇರಲೇಬೇಕಿತ್ತು. ಮನೆಯಲ್ಲಿ ಎಲ್ಲರೂ ಕೂತು ಮಾತಾಡಿ, ನಾನು ಕೆಲಸ ಬಿಡುವುದು ಎಂದು ತೀರ್ಮಾನ ಮಾಡಿದೆವು. ಆ ತೀರ್ಮಾನದ ಬಗ್ಗೆ ನನಗೆ ಯಾವ ಬೇಸರವೂ ಇಲ್ಲ. ಮಾವ ಹೋದ ವರ್ಷ ತೀರಿಕೊಂಡರು. ಚಿಕ್ಕವಳು ಈಗ ಐದನೇ ಕ್ಲಾಸು. ಶಾಲೆಯಿಂದ ಬಂದ ಮೇಲೆ ಅತ್ತೆಯವರ ಜೊತೆ ಇರುತ್ತಾಳೆ. ನಿಮ್ಮ ಕಚೇರಿಯ ಪೂರ್ತಿ ಸಮಯ ನಾನು ಕೆಲಸ ಮಾಡಬಲ್ಲೆ. ತಿಂಗಳ ಕೊನೆಯಲ್ಲಿ, ರಿಟರ್ನ್ ಸಲ್ಲಿಸುವ ದಿನಗಳಲ್ಲಿ ತಡವಾಗುವುದು ಈ ಕೆಲಸದಲ್ಲಿ ಇದ್ದದ್ದೇ. ಅದನ್ನು ಮನೆಯವರ ಜೊತೆ ಮೊದಲೇ ಮಾತಾಡಿಕೊಂಡಿದ್ದೇನೆ.

ಹತ್ತು ವರ್ಷ ಮನೆ ನಡೆಸಿದ್ದನ್ನು ಕೆಲವರು ಮ್ಯಾನೇಜ್‌ಮೆಂಟ್ ಅನುಭವ ಎಂದು ರೆಸ್ಯೂಮೆಯಲ್ಲಿ ಸೇರಿಸಲು ಹೇಳಿದರು. ನಾನು ಸೇರಿಸಿಲ್ಲ. ಅದು ದೊಡ್ಡ ಕೆಲಸ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ನಿಮಗೆ ಬೇಕಿರುವುದು ಖರೀದಿ ಬಿಲ್ ಸರಿಯಾಗಿ ನೋಡುವವರು. ನನಗೆ ಆ ಕೆಲಸ ಬರುತ್ತದೆಯೋ ಇಲ್ಲವೋ ಎಂಬುದನ್ನು ಅದೇ ಕೆಲಸದಿಂದ ತೋರಿಸಬೇಕು.

ಬಿ.ಕಾಂ. ಮುಗಿಸಿ 2008ರಲ್ಲಿ ಒಬ್ಬ ಆಡಿಟರ್ ಕಚೇರಿಗೆ ಸೇರಿದೆ. ಎರಡು ವರ್ಷದ ನಂತರ ವಾಹನದ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಅಕೌಂಟ್ಸ್ ವಿಭಾಗದಲ್ಲಿ, ಕೆಲಸ ಬಿಡುವವರೆಗೂ, ಖರೀದಿ ಬಿಲ್‌ಗಳನ್ನೇ ನೋಡಿಕೊಂಡೆ. ಪರ್ಚೇಸ್ ಆರ್ಡರ್, ಗೇಟ್‌ನಿಂದ ಬಂದ ಜಿಆರ್‌ಎನ್, ಪೂರೈಕೆದಾರರ ಬಿಲ್ ಮೂರೂ ತಾಳೆ ಆಗದೆ ಪೇಮೆಂಟ್‌ಗೆ ಹೋಗಬಾರದು ಎಂಬುದನ್ನು ಅಲ್ಲಿ ಕಲಿತೆ. ಬ್ಯಾಂಕ್ ರಿಕನ್ಸಿಲಿಯೇಷನ್, ಟಿಡಿಎಸ್, ವ್ಯಾಟ್ ರಿಟರ್ನ್, ಸೇವಾ ತೆರಿಗೆ ಎಲ್ಲವೂ ಮಾಡಿದ್ದೇನೆ. ಹೊರರಾಜ್ಯದ ವ್ಯಾಪಾರಕ್ಕೆ ಸಿ ಫಾರಂ ಬೇಕಿದ್ದ ಕಾಲ ಅದು. ವರ್ಷಗಟ್ಟಲೆ ಬಾಕಿ ಉಳಿದಿದ್ದ ಸಿ ಫಾರಂಗಳನ್ನು ಒಂದೊಂದಾಗಿ ಫೋನ್ ಮಾಡಿ ತರಿಸಿದ್ದು ನಾನೇ.

ಆ ಕಾನೂನುಗಳಲ್ಲಿ ಜಾಸ್ತಿ ಭಾಗ ಈಗ ಇಲ್ಲ ಎಂಬುದು ನನಗೆ ಗೊತ್ತು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ನಾನು ಮನೆಯಲ್ಲಿದ್ದೆ. ಇ-ವೇ ಬಿಲ್, ಇ-ಇನ್ವಾಯ್ಸ್ ಬಂದಾಗಲೂ ಮನೆಯಲ್ಲೇ ಇದ್ದೆ. ಹಾಗಾಗಿ ಮರಳಿ ಬರಬೇಕು ಎಂದುಕೊಂಡಾಗ ಮೊದಲು ಮಾಡಿದ ಕೆಲಸ ಜಿಎಸ್‌ಟಿ ಮತ್ತು ಟ್ಯಾಲಿಪ್ರೈಮ್ ಎರಡನ್ನೂ ಕ್ರಮವಾಗಿ ಕಲಿತದ್ದು. ಟ್ಯಾಲಿ ಬೇಗ ಕೈಗೆ ಬಂತು. ಪೇಮೆಂಟ್‌ಗೆ F5, ರಿಸೀಟ್‌ಗೆ F6, ಪರ್ಚೇಸ್‌ಗೆ F9 ಇವತ್ತಿಗೂ ಹಾಗೇ ಇವೆ. ಬದಲಾದದ್ದು ಅದರ ಸುತ್ತಲಿನ ಶಿಸ್ತು. 2023ರ ಏಪ್ರಿಲ್‌ನಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ಉಳಿಯಬೇಕು. ಹಳೆಯ ವೋಚರ್ ತೆಗೆದು ಸುಮ್ನೆ ತಿದ್ದಿಬಿಡುವ ಹಾಗಿಲ್ಲ. ನನಗೆ ಇದು ಇಷ್ಟವಾಯಿತು. ಲೆಕ್ಕ ಬರೆಯುವವರಿಗೆ ಇದರಿಂದ ರಕ್ಷಣೆಯೇ ಜಾಸ್ತಿ.

ಕೋರ್ಸ್ ಮುಗಿದ ಮೇಲೆ, ಕಳೆದ ಕೆಲವು ತಿಂಗಳಿಂದ, ಪರಿಚಯದ ಆಡಿಟರ್ ಒಬ್ಬರ ಕಚೇರಿಗೆ ಬೆಳಗಿನ ಹೊತ್ತು ಹೋಗುತ್ತಿದ್ದೇನೆ. ಅವರ ಗ್ರಾಹಕರ ಖರೀದಿ ರಿಜಿಸ್ಟರನ್ನು ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡುವುದು ನನ್ನ ಕೆಲಸ. ಈ ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಜಾಹೀರಾತಿನಲ್ಲಿ ಮೊದಲು ಕೇಳಿರುವುದೇ ಇದನ್ನು.

ನಾವು ತೆರಿಗೆ ಕೊಟ್ಟು ಮಾಲು ತಂದಿದ್ದರೂ, ಪೂರೈಕೆದಾರರು ಆ ಬಿಲ್ಲನ್ನು ಅಪ್‌ಲೋಡ್ ಮಾಡಿ ಅದು ನಮ್ಮ 2ಬಿಯಲ್ಲಿ ಕಾಣಿಸುವವರೆಗೆ ಇನ್‌ಪುಟ್ ಕ್ರೆಡಿಟ್ ತೆಗೆದುಕೊಳ್ಳುವ ಹಾಗಿಲ್ಲ. 2022ರ ಜನವರಿಯಿಂದ ನಿಯಮ ಹೀಗಿದೆ. ಅಂದರೆ ಬೇರೆಯವರು ತಡಮಾಡಿದರೆ ನಮ್ಮ ಸಂಸ್ಥೆಯ ಹಣ ಸಿಕ್ಕಿಕೊಳ್ಳುತ್ತದೆ. ಹೊಂದಾಣಿಕೆ ಆಗದ ಬಿಲ್‌ಗಳನ್ನು ನೋಡಿದರೆ ಎಲ್ಲದಕ್ಕೂ ಒಂದೇ ಕಾರಣ ಇರುವುದಿಲ್ಲ. ಕೆಲವದರಲ್ಲಿ ಬಿಲ್ ನಂಬರನ್ನು ನಮ್ಮವರು ‘45’ ಎಂದು ಹಾಕಿರುತ್ತಾರೆ, ಅವರು ‘0045/25-26’ ಎಂದು ಹಾಕಿರುತ್ತಾರೆ. ಎಕ್ಸೆಲ್‌ನಲ್ಲಿ XLOOKUP ಹಾಕಿದರೆ ಎರಡೂ ಬೇರೆ ಬೇರೆ ಬಿಲ್ ಎನ್ನುತ್ತದೆ. ಆದ್ದರಿಂದ ನಾನು ಪೂರೈಕೆದಾರರ ಜಿಎಸ್‌ಟಿ ನಂಬರ್ ಮತ್ತು ತೆರಿಗೆ ಮೊತ್ತ ಎರಡನ್ನೂ ಸೇರಿಸಿ ಮತ್ತೊಂದು ಸುತ್ತು ಹುಡುಕುತ್ತೇನೆ. ಕೆಲವು ಬಿಲ್ ನಮ್ಮ ಇನ್ನೊಂದು ರಾಜ್ಯದ ನೋಂದಣಿ ನಂಬರಿಗೆ ಹೋಗಿ ಕೂತಿರುತ್ತವೆ. ಅದನ್ನು ಪೂರೈಕೆದಾರರೇ ತಿದ್ದಬೇಕು, ನಾವು ಫೋನ್ ಮಾಡಿ ತಿದ್ದಿಸಬೇಕು.

ಇವೆಲ್ಲಕ್ಕಿಂತ ಜಾಸ್ತಿ ತೊಂದರೆ ಕೊಡುವುದು ಸಣ್ಣ ಪೂರೈಕೆದಾರರ ಬಿಲ್‌ಗಳು. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿವರೆಗೆ ಇರುವವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸಬಹುದು. ಮೊದಲ ಎರಡು ತಿಂಗಳ ಬಿಲ್‌ಗಳನ್ನು ಮುಂದಿನ ತಿಂಗಳ 13ರೊಳಗೆ ಐಎಫ್‌ಎಫ್ ಮೂಲಕ ಹಾಕುವ ಅವಕಾಶ ಅವರಿಗಿದೆ, ಆದರೆ ಕಡ್ಡಾಯವಲ್ಲ. ಹಾಕದಿದ್ದರೆ ಏಪ್ರಿಲ್‌ನ ಬಿಲ್ ನಮಗೆ ಕಾಣುವುದು ಜುಲೈನಲ್ಲಿ. ಅಲ್ಲಿಯವರೆಗೆ ಆ ತೆರಿಗೆಯ ಹಣ ನಮ್ಮ ಕೈಗೆ ಬರುವುದಿಲ್ಲ. 14ನೇ ತಾರೀಕು 2ಬಿ ಬಂದ ಮೇಲೆ ಪಟ್ಟಿ ಮಾಡಿಕೊಂಡು ಕೂತರೆ ಪ್ರಯೋಜನವಿಲ್ಲ ಅಲ್ವಾ? ಪೂರೈಕೆದಾರರ ಮಾಸ್ಟರ್‌ನಲ್ಲೇ ಇವರು ತಿಂಗಳವರೋ ಮೂರು ತಿಂಗಳವರೋ ಎಂದು ಬರೆದಿಟ್ಟುಕೊಂಡು, 10ನೇ ತಾರೀಕಿನ ಹೊತ್ತಿಗೆ ಅವರಿಗೆ ಫೋನ್ ಮಾಡಬೇಕು. ಎಷ್ಟೋ ಸಣ್ಣ ಘಟಕದವರಿಗೆ ಇಂಥದ್ದೊಂದು ಅವಕಾಶ ಇದೆ ಎಂಬುದೇ ಗೊತ್ತಿರುವುದಿಲ್ಲ. ಅವರ ಭಾಷೆಯಲ್ಲಿ, ತಾಳ್ಮೆಯಿಂದ ಒಮ್ಮೆ ಹೇಳಿಕೊಟ್ಟರೆ ಮುಂದಿನ ತಿಂಗಳಿಂದ ತಾವೇ ಹಾಕುತ್ತಾರೆ. ನಿಮ್ಮ ಪೂರೈಕೆದಾರರಲ್ಲಿ ಹೆಚ್ಚಿನವರು ಸಣ್ಣ ಘಟಕಗಳು ಎಂದು ಜಾಹೀರಾತಿನಲ್ಲಿ ಓದಿದಾಗ ಈ ಕೆಲಸ ನನಗೆ ಸಿಗಬೇಕು ಎಂದು ತುಂಬಾ ಅನಿಸಿತು.

ಅದೇ ಪೂರೈಕೆದಾರರ ವಿಷಯದಲ್ಲಿ ಇನ್ನೊಂದು ಗಡುವೂ ಇದೆ. ಉದ್ಯಮ್ ನೋಂದಣಿ ಇರುವ ಅತಿ ಸಣ್ಣ ಮತ್ತು ಸಣ್ಣ ಘಟಕಗಳಿಗೆ, ಬರಹದಲ್ಲಿ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಇದ್ದರೂ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ಆ ಗಡುವು ಮೀರಿದರೆ, ಹಣ ಕೊಟ್ಟ ವರ್ಷದಲ್ಲಷ್ಟೇ ಆ ಖರ್ಚನ್ನು ಆದಾಯ ತೆರಿಗೆಗೆ ತೋರಿಸಲು ಸಾಧ್ಯ. 43ಬಿ(ಎಚ್) ಎಂದು ಅಕೌಂಟ್ಸ್‌ನವರು ಹೇಳುವುದು ಇದನ್ನೇ. ದಿನ ಎಣಿಸುವುದು ಮಾಲು ಒಪ್ಪಿಕೊಂಡ ದಿನದಿಂದ. ಅಂದರೆ ಜಿಆರ್‌ಎನ್ ತಾರೀಕು ತಪ್ಪಿದರೆ ಲೆಕ್ಕವೇ ತಪ್ಪುತ್ತದೆ. ಗೇಟ್‌ನವರು, ಸ್ಟೋರ್‌ನವರು, ಅಕೌಂಟ್ಸ್‌ನವರು ಒಬ್ಬರಿಗೊಬ್ಬರು ಹೇಳಿಕೊಳ್ಳದಿದ್ದರೆ ಇದು ಆಗದ ಕೆಲಸ. ಕಾರ್ಖಾನೆಯಲ್ಲಿ ಐದು ವರ್ಷ ಈ ಮೂರು ಕಡೆಯವರ ಮಧ್ಯೆ ಓಡಾಡಿದ ಅನುಭವ ಈಗಲೂ ಉಪಯೋಗಕ್ಕೆ ಬರುತ್ತದೆ ಎಂದು ನಂಬಿದ್ದೇನೆ.

ಬಿಡುವಿನ ವರ್ಷಗಳಲ್ಲೂ ಲೆಕ್ಕದಿಂದ ಪೂರ್ತಿ ದೂರವಿರಲಿಲ್ಲ. ನಾವಿರುವ ಅಪಾರ್ಟ್‌ಮೆಂಟ್ ಸಂಘದ ಖಜಾಂಚಿಯಾಗಿ ಲೆಕ್ಕ ನೋಡಿಕೊಂಡೆ. ಯುಪಿಐನಲ್ಲಿ ಮನೆ ನಂಬರೇ ಇಲ್ಲದೆ ಬಂದ ಹಣವನ್ನು ಯಾರದ್ದೆಂದು ಹುಡುಕುವುದು, ಸೆಕ್ಯುರಿಟಿ ಏಜೆನ್ಸಿಯ ಬಿಲ್‌ನಲ್ಲಿ ಟಿಡಿಎಸ್ ಹಿಡಿದು 7ನೇ ತಾರೀಕಿನೊಳಗೆ ಕಟ್ಟುವುದು, ವರ್ಷದ ಕೊನೆಗೆ ಆಡಿಟ್‌ಗೆ ಲೆಕ್ಕ ಒಪ್ಪಿಸುವುದು. ಸಂಬಳದ ಕೆಲಸವಲ್ಲ, ಆದ್ದರಿಂದ ರೆಸ್ಯೂಮೆಯಲ್ಲಿ ಬೇರೆಯಾಗಿ ಬರೆದಿದ್ದೇನೆ.

ಬರದಿರುವುದನ್ನೂ ಹೇಳಬೇಕು. ನಿಮ್ಮಲ್ಲಿ ಎಸ್‌ಎಪಿ ಇದೆ ಎಂದು ಬರೆದಿದ್ದೀರಿ. ನಾನು ಎಸ್‌ಎಪಿಯಲ್ಲಿ ಕೆಲಸ ಮಾಡಿಲ್ಲ. ಸ್ಕ್ರೀನ್‌ಗಳನ್ನು ಕಲಿಯಲು ನನಗೆ ಸಮಯ ಬೇಕಾಗುತ್ತದೆ. ಪೂರೈಕೆದಾರರ ಬಿಲ್ ಹೇಗೆ ಸಾಗುತ್ತದೆ, ಯಾವ ಖಾತೆಗೆ ಡೆಬಿಟ್, ಯಾವುದಕ್ಕೆ ಕ್ರೆಡಿಟ್ ಎಂಬುದಕ್ಕೆ ಸಮಯ ಬೇಕಾಗುವುದಿಲ್ಲ. ಹಾಗೆಯೇ, 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ 2025 ಜಾರಿಗೆ ಬರುತ್ತದೆ. 194ಸಿ, 194ಜೆ ಎಂದು ಬಾಯಿಪಾಠ ಇದ್ದ ಟಿಡಿಎಸ್ ಸೆಕ್ಷನ್‌ಗಳೆಲ್ಲ 393ನೇ ಸೆಕ್ಷನ್‌ಗೆ ಬರುತ್ತವೆ. ಬಿಡುವೇ ಇಲ್ಲದೆ ದುಡಿದವರೂ ಆ ದಿನದಿಂದ ಹೊಸದಾಗಿ ಓದಲೇಬೇಕು. ನಾನು ಈಗಾಗಲೇ ಓದಲು ಶುರು ಮಾಡಿದ್ದೇನೆ.

ನನ್ನ ಕೋರಿಕೆ ಒಂದೇ. ಸಂದರ್ಶನಕ್ಕೆ ಕರೆದ ದಿನ ನಿಮ್ಮ ಯಾವುದಾದರೂ ಹಳೆಯ ತಿಂಗಳ ಖರೀದಿ ರಿಜಿಸ್ಟರ್ ಮತ್ತು 2ಬಿ ಕೊಡಿ. ಹೆಸರು, ದರ ಅಳಿಸಿದ್ದರೂ ಪರವಾಗಿಲ್ಲ, ಬಿಲ್ ನಂಬರ್, ಪೂರೈಕೆದಾರರ ಜಿಎಸ್‌ಟಿ ನಂಬರ್ ಮತ್ತು ತೆರಿಗೆ ಮೊತ್ತ ಇದ್ದರೆ ಸಾಕು. ನಿಮ್ಮ ಕಚೇರಿಯಲ್ಲೇ ಕೂತು ತಾಳೆ ನೋಡಿ, ಯಾವ ಬಿಲ್ ಯಾಕೆ ಹೊಂದುತ್ತಿಲ್ಲ, ಯಾರಿಗೆ ಏನು ಹೇಳಬೇಕು ಎಂಬ ಪಟ್ಟಿ ಮಾಡಿ ಕೊಡುತ್ತೇನೆ. ಅದನ್ನು ನೋಡಿ ನಿರ್ಧಾರ ಮಾಡಿ. ಪ್ರೊಬೇಷನ್ ಅವಧಿಗೂ ನನ್ನ ಒಪ್ಪಿಗೆ ಇದೆ.

ಫಾರಂನಲ್ಲಿ ‘ಈಗಿನ ಸಂಬಳ’ ಎಂಬಲ್ಲಿ ಸೊನ್ನೆ ಹಾಕಿದ್ದೇನೆ, ಕಾಲಂ ಖಾಲಿ ಬಿಡಲು ಬರುವುದಿಲ್ಲ. ಆ ಸೊನ್ನೆಯನ್ನಾಗಲಿ ಹತ್ತು ವರ್ಷದ ಹಿಂದಿನ ಸಂಬಳವನ್ನಾಗಲಿ ಆಧಾರ ಮಾಡಿಕೊಳ್ಳದೆ, ಈ ಹುದ್ದೆಗೆ ನೀವು ಪ್ರಕಟಿಸಿರುವ ಶ್ರೇಣಿಯಲ್ಲೇ ಮಾತಾಡಬೇಕೆಂದು ಕೋರುತ್ತೇನೆ. ಶ್ರೇಣಿಯ ಆರಂಭದ ಸಂಬಳಕ್ಕೆ ನಾನು ಸಿದ್ಧಳಿದ್ದೇನೆ.

ಹಿಂದಿನ ಕಾರ್ಖಾನೆಯ ಅನುಭವ ಪತ್ರ, ಕೋರ್ಸಿನ ಪ್ರಮಾಣಪತ್ರ, ಈಗ ಹೋಗುತ್ತಿರುವ ಆಡಿಟರ್ ಅವರ ಪತ್ರ ಮೂರನ್ನೂ ಅಪ್‌ಲೋಡ್ ಮಾಡಿದ್ದೇನೆ. ಅವರಿಗೆ ಹದಿನೈದು ದಿನ ಮೊದಲು ತಿಳಿಸಿದರೆ ಸಾಕು, ಆ ಮೇಲೆ ನೀವು ಹೇಳಿದ ದಿನ ಸೇರಬಲ್ಲೆ. ಪ್ರೊಫೈಲ್‌ನಲ್ಲಿರುವ ಮೊಬೈಲ್ ನಂಬರಿಗೆ ಮಧ್ಯಾಹ್ನ ಎರಡರ ನಂತರ ಯಾವಾಗ ಬೇಕಾದರೂ ಕರೆ ಮಾಡಬಹುದು. ಬೆಳಿಗ್ಗೆಯಾದರೆ ದಯವಿಟ್ಟು ಪೋರ್ಟಲ್‌ನಲ್ಲೇ ಸಂದೇಶ ಹಾಕಿ, ಅಂದೇ ಉತ್ತರಿಸುತ್ತೇನೆ.

ಇಂತಿ ವಿಶ್ವಾಸದ,
ಸವಿತಾ