ಇನ್‌ವಾಯ್ಸ್ 2147: ಕೊರತೆ ಮತ್ತು ಹಾನಿಗೊಂಡ ಮಾಲಿಗೆ ಕ್ರೆಡಿಟ್ ನೋಟ್ ಕೋರಿ

ಮಾನ್ಯರೇ,

ನಿನ್ನೆ ಬೆಳಿಗ್ಗೆ ಬಂದ ಟೈಲ್ಸ್ ಲೋಡಿನ ಬಗ್ಗೆ ಬರೆಯುತ್ತಿದ್ದೇನೆ. ಇನ್‌ವಾಯ್ಸ್‌ನಲ್ಲಿ 60 ಬಾಕ್ಸ್ ಎಂದಿದೆ. ಇಳಿಸಿಕೊಂಡಾಗ ಸಿಕ್ಕಿದ್ದು 56. ಲಾರಿ ಚಾಲಕರ ಎದುರಿಗೇ ಎರಡು ಸಲ ಎಣಿಸಿದೆವು. ಡೆಲಿವರಿ ಚಲನ್ ಮೇಲೆ ‘4 ಬಾಕ್ಸ್ ಕಡಿಮೆ’ ಎಂದು ಬರೆದು ಅವರ ಸಹಿ ಪಡೆದಿದ್ದೇವೆ.

ಬಂದದ್ದರಲ್ಲೂ 3 ಬಾಕ್ಸ್ ಒಡೆದಿವೆ. ಹೊರಗಿನ ರಟ್ಟು ನೆಟ್ಟಗೇ ಇತ್ತು, ಆದರೆ ಎತ್ತಿದ ಕೂಡಲೇ ಒಳಗೆ ಚೂರುಗಳ ಸದ್ದು. ಬಿಚ್ಚಿ ನೋಡಿದರೆ ಟೈಲ್‌ಗಳು ಮೂಲೆಯಿಂದ ಸೀಳಿವೆ. ಅಂಚಿಗೆ ಇಡಬೇಕಾದ ಥರ್ಮಾಕೋಲ್ ಇರಲೇ ಇಲ್ಲ. ಇದು ಪ್ಯಾಕಿಂಗ್‌ನಲ್ಲೇ ಆದ ಲೋಪ ಎಂಬುದು ನಮ್ಮ ಅಭಿಪ್ರಾಯ. ಫೋಟೋಗಳು, ಚಲನ್ ಪ್ರತಿ ಲಗತ್ತಿಸಿದ್ದೇನೆ. ಒಡೆದ ಮಾಲನ್ನು ಎಸೆಯದೆ ಬೇರೆ ಇಟ್ಟಿದ್ದೇವೆ, ನಿಮ್ಮವರು ಬಂದು ನೋಡಬಹುದು.

ಬದಲಿ ಮಾಲು ಬೇಡ. ಬೇರೆ ಬ್ಯಾಚ್ ಆದರೆ ಬಣ್ಣ ಹೊಂದುವುದಿಲ್ಲ. ಒಟ್ಟು 7 ಬಾಕ್ಸ್‌ನ ಬೆಲೆ ಮತ್ತು ಅದರ ಮೇಲಿನ ತೆರಿಗೆಗೆ, ಮೂಲ ಇನ್‌ವಾಯ್ಸ್ ಸಂಖ್ಯೆ ನಮೂದಿಸಿ ಕ್ರೆಡಿಟ್ ನೋಟ್ ಕಳಿಸಿಕೊಡಿ. ಈ ತಿಂಗಳ 28ಕ್ಕೆ ನಿಮ್ಮ ಬಿಲ್ಲಿನ ಪಾವತಿ ಇದೆ. ಅದಕ್ಕೂ ಮೊದಲೇ ಕೈಸೇರಿದರೆ ಉಳಿದ 53 ಬಾಕ್ಸ್‌ನ ಹಣ ಅಂದೇ ಪೂರ್ತಿ ಸಂದಾಯ ಮಾಡುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಖರೀದಿ ವಿಭಾಗದ ಪರವಾಗಿ