ನಮ್ಮ ಮನೆಯ ಫೋನ್ ನಿಯಮಗಳು

ಮಕ್ಕಳೇ, ಇದು ಮನೆಯಲ್ಲಿರುವ ಆರೂ ಜನರಿಗೆ. ನೀವು ಮೂವರು, ನಾವಿಬ್ಬರು, ಅಜ್ಜಿ. ಭಾನುವಾರ ಎಲ್ಲರೂ ಕೂತು ಮಾತಾಡಿದ್ದನ್ನೇ ಇಲ್ಲಿ ಬರೆದಿದ್ದೇವೆ. ಪುಟ್ಟಿಗೆ ಅವಳ ಭಾಗವನ್ನು ಅಕ್ಕ ಓದಿ ಹೇಳಲಿ.

ಪುಟ್ಟಿಗೆ 6, ಅಣ್ಣನಿಗೆ 12, ಅಕ್ಕನಿಗೆ 16. ಹಾಗಾಗಿ ಮೂವರಿಗೂ ಒಂದೇ ನಿಯಮ ಇಲ್ಲ. "ಅವಳಿಗೆ ಮಾತ್ರ ಯಾಕೆ?" ಅಂತ ಕೇಳಬಹುದು, ಕೇಳಿದರೆ ನಮಗೆ ಬೇಜಾರಿಲ್ಲ. ಉತ್ತರ ಮಾತ್ರ ಒಂದೇ: ಆ ವಯಸ್ಸಿಗೆ ಬಂದಾಗ ನಿನಗೂ ಅದೇ ಸಿಗುತ್ತದೆ.

ಎಲ್ಲಕ್ಕಿಂತ ಮೊದಲು: ಹೇಳಿದ್ದಕ್ಕೆ ಫೋನ್ ಹೋಗುವುದಿಲ್ಲ

ಫೋನಿನಲ್ಲಿ ಏನೇ ಆಗಲಿ, ಬಂದು ಹೇಳಿ. ಭಯವಾಗುವಂಥ ವಿಡಿಯೋ ಕಂಡಿತು, ಯಾರೋ ಗುರುತಿಲ್ಲದವರು ಮೆಸೇಜ್ ಮಾಡಿದರು, ಗ್ರೂಪಿನಲ್ಲಿ ನಿಮ್ಮನ್ನು ಆಡಿಕೊಂಡರು, ನೀವೇ ಯಾರನ್ನೋ ಆಡಿಕೊಂಡಿರಿ, ಬೇಡ ಅಂದ ಆಪ್ ಹಾಕಿಕೊಂಡಿರಿ, ಏನೋ ಒತ್ತಿದಾಗ ದುಡ್ಡು ಹೋಯಿತು. ತಪ್ಪು ನಿಮ್ಮದೇ ಆಗಿದ್ದರೂ ಹೇಳಿ. ನೀವಾಗಿ ಬಂದು ಹೇಳಿದ ವಿಷಯಕ್ಕೆ ಈ ಮನೆಯಲ್ಲಿ ಫೋನ್ ಕಿತ್ತುಕೊಳ್ಳುವುದಿಲ್ಲ, ಬೈಯುವುದೂ ಇಲ್ಲ. ಇದು ನಮ್ಮಿಬ್ಬರ ಮಾತು.

ಇದನ್ನು ಮೊದಲು ಬರೆದದ್ದು ಸುಮ್ನೆ ಅಲ್ಲ. ಮಕ್ಕಳು ಹೇಳದೆ ಇರುವುದಕ್ಕೆ ಒಂದು ದೊಡ್ಡ ಕಾರಣ: ಹೇಳಿದರೆ ಫೋನ್ ಹೋಗುತ್ತದೆ ಅನ್ನೋ ಭಯ. ಮೋಸ ಮಾಡುವವರಿಗೆ ಈ ಭಯ ಚೆನ್ನಾಗಿ ಗೊತ್ತು. "ಅಪ್ಪ ಅಮ್ಮನಿಗೆ ಹೇಳಬೇಡ" ಅಂತ ಅವರು ಹೇಳುವುದೂ ಅದಕ್ಕೇ. ಯಾರಾದರೂ ಆ ಮಾತು ಹೇಳಿದರೆ, ಆ ಕ್ಷಣವೇ ಎದ್ದು ಬನ್ನಿ. ನಾವು ಕೆಲಸದಲ್ಲಿದ್ದರೂ ಸರಿ, ಮಲಗಿದ್ದರೂ ಸರಿ. ನಮಗೆ ಹೇಳಲು ಆಗದಿದ್ದರೆ ಅಜ್ಜಿಗೆ ಹೇಳಿ, ಚಿಕ್ಕಮ್ಮನಿಗೆ ಹೇಳಿ. ಯಾರಿಗಾದರೂ ಒಬ್ಬ ದೊಡ್ಡವರಿಗೆ ಗೊತ್ತಾಗಬೇಕು, ಅಷ್ಟೇ.

ಎಲ್ಲರಿಗೂ ಸೇರಿದ್ದು

ರಾತ್ರಿ ಫೋನ್, ಟ್ಯಾಬ್ ಎಲ್ಲ ಹಾಲಿನ ಚಾರ್ಜರ್ ಹತ್ತಿರ ಇರುತ್ತವೆ. ಅಣ್ಣನದು 8:30ಕ್ಕೆ, ಅಕ್ಕನದು 9:30ಕ್ಕೆ, ನಮ್ಮದು 10:30ಕ್ಕೆ. ಮಲಗುವ ಕೋಣೆಗೆ ಯಾರೂ ಒಯ್ಯುವುದಿಲ್ಲ. ಅಲಾರಂ ನೆಪ ಬೇಡ, ಇಬ್ಬರಿಗೂ ಅಲಾರಂ ಗಡಿಯಾರ ತಂದಿದ್ದೇವೆ. 6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ನಿದ್ದೆಯ ತಜ್ಞರು ಹೇಳುತ್ತಾರೆ. ಒಂದು ವಿಡಿಯೋ ಮುಗಿದ ಕೂಡಲೇ ಇನ್ನೊಂದು ತಾನಾಗಿ ಶುರುವಾಗುವ ಹಾಗೆ ಆಪ್‌ಗಳನ್ನು ಮಾಡಿರುತ್ತಾರೆ. ಅದರ ಎದುರು "ಇದೊಂದು ನೋಡಿ ಮಲಗ್ತೀನಿ" ಅನ್ನೋದು ದೊಡ್ಡವರಿಗೂ ಕಷ್ಟ. ಆ ಕಷ್ಟವೇ ಬೇಡ ಅಂತ ಫೋನನ್ನೇ ದೂರ ಇಡುತ್ತೇವೆ.

ಊಟದ ಹೊತ್ತಿನಲ್ಲಿ ಫೋನ್ ಇಲ್ಲ. ಓದುವಾಗ ಫೋನ್ ಬೇರೆ ಕೋಣೆಯಲ್ಲಿ. ರಸ್ತೆ ದಾಟುವಾಗ ಕೈಯಲ್ಲೂ ಬೇಡ, ಕಿವಿಯಲ್ಲೂ ಬೇಡ.

ಪಾಸ್‌ವರ್ಡ್, ಓಟಿಪಿ ಯಾರಿಗೂ ಹೇಳಬೇಡಿ, ಆಪ್ತ ಗೆಳೆಯರಿಗೂ. ಸ್ನೇಹ ಕೆಟ್ಟ ದಿನ ಅದೇ ಪಾಸ್‌ವರ್ಡ್ ತೊಂದರೆ ಕೊಡುತ್ತದೆ.

ಪುಟ್ಟಿಗೆ, 6 ವರ್ಷ

ಪುಟ್ಟಿ, ನಿನಗೆ ಸ್ವಂತ ಫೋನ್ ಇಲ್ಲ. ಟ್ಯಾಬ್ ದಿನಕ್ಕೆ ಅರ್ಧ ಗಂಟೆ, ರಜೆಯಲ್ಲಿ ಒಂದು ಗಂಟೆ. ಹಾಲಿನಲ್ಲಿ, ಯಾರಾದರೂ ಪಕ್ಕದಲ್ಲಿರುವಾಗ ಮಾತ್ರ. ಯೂಟ್ಯೂಬ್ ಕಿಡ್ಸ್ ಸಾಕು, ದೊಡ್ಡವರ ಯೂಟ್ಯೂಬ್ ಬೇಡ. ಮಕ್ಕಳದ್ದರಲ್ಲೂ ಒಮ್ಮೊಮ್ಮೆ ಕೆಟ್ಟದ್ದು ನುಸುಳಿ ಬರುತ್ತದೆ, ಅದಕ್ಕೇ ಹೆಡ್‌ಫೋನ್ ಹಾಕಿಕೊಳ್ಳಬಾರದು. ಏನು ನೋಡ್ತಿದ್ದೀಯ ಅಂತ ನಮಗೆ ಕೇಳಿಸಬೇಕು.

ಗಡಿಯಾರ ಬಾರಿಸಿದಾಗ ನೋಡುತ್ತಿರುವ ಕಥೆ ಅರ್ಧ ಉಳಿದಿದ್ದರೆ ಮುಗಿಸಬಹುದು. ಹೊಸದು ಶುರು ಮಾಡುವ ಹಾಗಿಲ್ಲ. ಅತ್ತರೆ ಸಮಯ ಜಾಸ್ತಿ ಆಗುವುದಿಲ್ಲ ಪುಟ್ಟಿ, ಆದರೆ ಅಳಬಹುದು, ನಾವು ಹತ್ತಿರ ಇರುತ್ತೇವೆ.

ಪರದೆಯ ಮೇಲೆ ಭಯ ಆಗುವಂಥದ್ದು ಬಂದರೆ ಟ್ಯಾಬ್ ಬೋರಲು ಹಾಕಿ ನಮ್ಮನ್ನು ಕರಿ.

ಅಣ್ಣನಿಗೆ, 12 ವರ್ಷ

ಈ ತಿಂಗಳಿಂದ ಅಪ್ಪನ ಹಳೇ ಫೋನ್ ನಿನ್ನದು. ಕರೆ, ಮೆಸೇಜ್, ಕ್ಯಾಮೆರಾ, ಮ್ಯಾಪ್, ಹಾಡು, ಓದಿಗೆ ಬೇಕಾದ ಆಪ್‌ಗಳು ಇರುತ್ತವೆ. ಫ್ಯಾಮಿಲಿ ಲಿಂಕ್ ಹಾಕಿದ್ದೇವೆ. ಹೊಸ ಆಪ್ ಬೇಕಾದರೆ ಕೇಳಿಕೆ ನಮ್ಮ ಫೋನಿಗೆ ಬರುತ್ತದೆ. ಅದೇ ದಿನ ಉತ್ತರ ಕೊಡುತ್ತೇವೆ, ಬೇಡ ಅಂದರೆ ಯಾಕೆ ಅಂತಲೂ ಹೇಳುತ್ತೇವೆ. ನಿನಗೆ ಗೊತ್ತಿಲ್ಲದ ಹಾಗೆ ಯಾವುದನ್ನೂ ಹಾಕುವುದಿಲ್ಲ.

ಶಾಲೆ ಇರುವ ದಿನ ಒಂದು ಗಂಟೆ, ರಜಾ ದಿನ ಎರಡು ಗಂಟೆ. ಓದಿಗೆ ಬಳಸಿದ್ದು ಲೆಕ್ಕಕ್ಕಿಲ್ಲ.

ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್, ವಾಟ್ಸಾಪ್ ಈಗ ಇಲ್ಲ. ಈ ಮೂರೂ ಕಂಪನಿಗಳು ಇಟ್ಟುಕೊಂಡಿರುವ ಕನಿಷ್ಠ ವಯಸ್ಸೇ 13. "ಕ್ಲಾಸಲ್ಲಿ ಎಲ್ಲರ ಹತ್ತಿರ ಇದೆ" ಅಂತ ನೀನು ಹೇಳಿದ್ದು ನಿಜ ಇರಬಹುದು. ಅವರಲ್ಲಿ ಸುಮಾರು ಜನ ಹುಟ್ಟಿದ ವರ್ಷ ಸುಳ್ಳು ಹಾಕಿರುತ್ತಾರೆ. ಅದರ ತೊಂದರೆ ಏನು ಗೊತ್ತಾ? ನೀನು 18 ಅಂತ ಹಾಕಿದರೆ ಆಪ್ ನಿನ್ನನ್ನು ದೊಡ್ಡವನು ಅಂದುಕೊಳ್ಳುತ್ತದೆ. 18ರ ಒಳಗಿನವರಿಗೆ ಇನ್‌ಸ್ಟಾಗ್ರಾಂ 2024ರಿಂದ ಕೆಲವು ರಕ್ಷಣೆ ತಾನಾಗಿ ಕೊಡುತ್ತಿದೆ. ಅಕೌಂಟ್ ಖಾಸಗಿಯಾಗಿರುತ್ತದೆ, ಗುರುತಿಲ್ಲದವರು ಮೆಸೇಜ್ ಮಾಡಲು ಆಗುವುದಿಲ್ಲ. ಸುಳ್ಳು ವಯಸ್ಸು ಹಾಕಿದವನಿಗೆ ಅವು ಸಿಗದೇ ಹೋಗಬಹುದು. ಚಿಕ್ಕವನಾಗಿಯೇ ದೊಡ್ಡವರ ಗುಂಪಿನಲ್ಲಿ ನಿಂತಿರುತ್ತಾನೆ.

ಕ್ಲಾಸ್ ಗ್ರೂಪಿನ ವಿಷಯ ತಪ್ಪಿಹೋಗುತ್ತದೆ ಅನ್ನೋ ನಿನ್ನ ಚಿಂತೆ ಸರಿಯಾದದ್ದೇ. ಸಂಜೆ ಅಮ್ಮನ ಫೋನಿನಲ್ಲಿ ಆ ಗ್ರೂಪ್ ನೋಡಬಹುದು. 13 ತುಂಬಿದಾಗ ವಾಟ್ಸಾಪ್ ಮಾತ್ರ ಹಾಕಿಕೊಡುತ್ತೇವೆ, ನಿನ್ನನ್ನು ಗ್ರೂಪಿಗೆ ಸೇರಿಸುವವರು ನಿನ್ನ ಕಾಂಟ್ಯಾಕ್ಟ್‌ನಲ್ಲಿ ಇರುವವರೇ ಆಗಿರುವ ಹಾಗೆ ಸೆಟ್ಟಿಂಗ್ ಮಾಡಿ. ಇನ್‌ಸ್ಟಾಗ್ರಾಂ ಮಾತು 15 ಆದಮೇಲೆ.

ಗೇಮ್ ಆಡುವಾಗ ಚಾಟ್ ಆಫ್ ಇರಲಿ. ಶಾಲೆಯ ಗೆಳೆಯರ ಜೊತೆ ಮಾತಾಡಬೇಕಾದರೆ ಅವರಿಗೆ ಕರೆ ಮಾಡಿ ಆಡು. ಗೇಮಿನಲ್ಲಿ ಪರಿಚಯವಾದವರು "ಬೇರೆ ಆಪ್‌ಗೆ ಬಾ, ಅಲ್ಲಿ ಮಾತಾಡೋಣ" ಅಂದರೆ ಹೋಗಬೇಡ, ಬಂದು ಹೇಳು. ಉಚಿತವಾಗಿ ಕಾಯಿನ್ ಕೊಡ್ತೀನಿ ಅಂದರೂ ಅಷ್ಟೇ.

ವಾರಕ್ಕೊಮ್ಮೆ ನಿನ್ನ ಜೊತೆ ಕೂತು ಫೋನ್ ನೋಡುತ್ತೇವೆ. ನೀನಿಲ್ಲದಾಗ ತೆಗೆದು ನೋಡುವುದಿಲ್ಲ.

ಅಕ್ಕನಿಗೆ, 16 ವರ್ಷ

ನಿನ್ನ ಮೆಸೇಜ್ ನಾವು ಓದುವುದಿಲ್ಲ. ನಿನ್ನ ಗೆಳತಿಯರು ನಿನ್ನನ್ನು ನಂಬಿ ಹೇಳಿದ ಮಾತು ಅವು, ನಮಗಾಗಿ ಬರೆದದ್ದಲ್ಲ. ನಿನ್ನ ಜೀವಕ್ಕೆ ಅಪಾಯ ಇದೆ ಅಂತ ಅನಿಸಿದರೆ ಮಾತ್ರ ನೋಡುತ್ತೇವೆ, ಆಗಲೂ ನಿನಗೆ ಹೇಳಿಯೇ.

ಇನ್‌ಸ್ಟಾಗ್ರಾಂ ಅಕೌಂಟ್ ಖಾಸಗಿಯಾಗಿರಲಿ. ಎದುರು ಕಂಡು ಮಾತಾಡಿದವರನ್ನು ಮಾತ್ರ ಒಪ್ಪಿಕೋ. ಲೊಕೇಶನ್ ಹಾಕಬೇಡ. ಹೋದ ಜಾಗದ ಫೋಟೋ ಹಾಕುವುದಾದರೆ ಅಲ್ಲಿಂದ ಹೊರಟ ಮೇಲೆ ಹಾಕು. ಯೂನಿಫಾರಂ, ಮನೆಯ ಬಾಗಿಲಿನ ನಂಬರ್, ಗಾಡಿ ನಂಬರ್ ಹಿಂದೆ ಕಾಣುತ್ತಿದೆಯಾ ಅಂತ ಒಮ್ಮೆ ನೋಡು. ಟು ಸ್ಟೆಪ್ ವೆರಿಫಿಕೇಶನ್ ಆನ್ ಇರಲಿ.

ರೀಲ್ಸ್‌ಗೆ ದಿನಕ್ಕೆ ಒಂದು ಗಂಟೆಯ ಮಿತಿ ನೀನೇ ಹಾಕಿಕೊಳ್ಳುತ್ತೀನಿ ಅಂದಿದ್ದೀಯ. ಒಪ್ಪಿದ್ದೇವೆ, ನಾವು ಎಣಿಸುವುದಿಲ್ಲ. ಆದರೆ ಒಂದು ಗಮನಿಸು. ಫೋನ್ ಕೆಳಗಿಟ್ಟಾಗ ನಿನ್ನ ಮುಖ, ನಿನ್ನ ಮೈಬಣ್ಣ, ನಿನ್ನ ಅಂಕ ಎಲ್ಲ ಕಡಿಮೆ ಅನ್ನಿಸುತ್ತಿದ್ದರೆ, ಯಾವ ಅಕೌಂಟ್ ನೋಡಿದ ಮೇಲೆ ಹಾಗಾಯಿತು ಅಂತ ನೆನಪು ಮಾಡಿಕೊಂಡು ಅದನ್ನು ತೆಗೆದುಹಾಕು. ನೀನು ಎಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೀಯೋ ಅದನ್ನೇ ಆಪ್ ಮತ್ತೆ ಮತ್ತೆ ತಂದು ತೋರಿಸುತ್ತದೆ. ನಿನಗೆ ಇಷ್ಟವಾಗಿ ನಿಂತೆಯೋ, ಸಂಕಟವಾಗಿ ನಿಂತೆಯೋ ಅನ್ನೋದು ಅದಕ್ಕೆ ಬೇಕಿಲ್ಲ.

ಇನ್ನು ಹೇಳಲು ಮುಜುಗರವಾದರೂ ಹೇಳಲೇಬೇಕಾದ ಮಾತು. ಬಟ್ಟೆ ಇಲ್ಲದ ಫೋಟೋ ಯಾರು ಕೇಳಿದರೂ ಕಳಿಸಬೇಡ, ಎಷ್ಟೇ ಪ್ರೀತಿಸುವವರು ಕೇಳಿದರೂ. ಬೇರೆಯವರದ್ದು ನಿನಗೆ ಬಂದರೆ ಮುಂದಕ್ಕೆ ಕಳಿಸಬೇಡ. 18ರ ಒಳಗಿನವರ ಅಂಥ ಫೋಟೋ ಹಂಚುವುದು ದೊಡ್ಡ ಅಪರಾಧ. ನಿನ್ನ ಮುಖವನ್ನು ಬೇರೆ ಮೈಗೆ ಅಂಟಿಸಿ ಹೆದರಿಸುವವರೂ ಇದ್ದಾರೆ. ಒಂದು ವೇಳೆ ಯಾರಾದರೂ ಫೋಟೋ ಹಿಡಿದು ದುಡ್ಡು ಕೊಡು, ಇನ್ನೊಂದು ಕಳಿಸು ಅಂತ ಬೆದರಿಸಿದರೆ: ದುಡ್ಡು ಕೊಡಬೇಡ, ಇನ್ನೊಂದು ಕಳಿಸಬೇಡ. ಕೊಟ್ಟರೆ ಸಾಮಾನ್ಯವಾಗಿ ಮತ್ತೂ ಕೇಳುತ್ತಾರೆ. ಬೆದರಿಕೆಯ ಮೆಸೇಜ್, ಆ ಅಕೌಂಟಿನ ಹೆಸರು ಅಳಿಸದೆ ಇಟ್ಟುಕೊಂಡು ನಮ್ಮ ಹತ್ತಿರ ಬಾ. ರಾತ್ರಿ ಎರಡು ಗಂಟೆಯಾದರೂ ಎಬ್ಬಿಸು. 18ರ ಒಳಗೆ ತೆಗೆದ ಫೋಟೋಗಳನ್ನು ತಡೆಯಲು takeitdown.ncmec.org ಅನ್ನೋ ಉಚಿತ ಸೇವೆ ಇದೆ. ಫೋಟೋ ನಿನ್ನ ಫೋನ್ ಬಿಟ್ಟು ಹೋಗುವುದಿಲ್ಲ, ಅದರ ಒಂದು ಗುರುತು ಮಾತ್ರ ಹೋಗುತ್ತದೆ. ಸೇವೆಗೆ ಸೇರಿದ ಕಂಪನಿಗಳು ಆ ಗುರುತು ಹಿಡಿದು ಫೋಟೋ ಹುಡುಕಿ ತೆಗೆಯುತ್ತವೆ. ಮುಂದಿನದ್ದನ್ನು, ಪೊಲೀಸರ ಹತ್ತಿರ ಹೋಗುವುದನ್ನೂ ಸೇರಿಸಿ, ನಾವು ನಿನ್ನ ಜೊತೆಗಿದ್ದು ಮಾಡುತ್ತೇವೆ. ಅಂಥ ದಿನ "ಯಾಕೆ ಕಳಿಸಿದೆ?" ಅನ್ನೋ ಪ್ರಶ್ನೆ ನಮ್ಮ ಬಾಯಲ್ಲಿ ಬರುವುದಿಲ್ಲ.

ಈ ಭಾಗವನ್ನು ಅಣ್ಣನೂ ಓದಬೇಕು. ಹುಡುಗರನ್ನೂ ಹೀಗೇ ಬೆದರಿಸುತ್ತಾರೆ.

ದೊಡ್ಡವರಿಗೆ

ನಿಮ್ಮ ಫೋಟೋವನ್ನು ನಿಮ್ಮನ್ನು ಕೇಳದೆ ನಾವು ಎಲ್ಲಿಯೂ ಹಾಕುವುದಿಲ್ಲ, ಸ್ಟೇಟಸ್‌ನಲ್ಲೂ, ನೆಂಟರ ಗ್ರೂಪಿನಲ್ಲೂ. ಬೇಡ ಅಂದರೆ ಬೇಡ. ಪುಟ್ಟಿಯನ್ನೂ ಕೇಳುತ್ತೇವೆ. ನಿಮ್ಮ ಅಂಕ, ಕಾಯಿಲೆ, ಅತ್ತದ್ದು, ಬಿದ್ದದ್ದು ಯಾವುದನ್ನೂ ಪೋಸ್ಟ್ ಮಾಡುವುದಿಲ್ಲ.

ನೀವು ಮಾತಾಡಲು ಬಂದಾಗ ಫೋನ್ ಕೆಳಗಿಡುತ್ತೇವೆ. ಆಫೀಸಿನ ಕರೆ ಬಂದರೆ ಊಟದಿಂದ ಎದ್ದು ಹೊರಗೆ ಹೋಗಿ ಮಾತಾಡುತ್ತೇವೆ.

ಅಜ್ಜಿ, ನಿಮ್ಮಲ್ಲಿ ಒಂದು ಕೋರಿಕೆ. ಪುಟ್ಟಿ ಅತ್ತಾಗ ನಿಮ್ಮ ಫೋನ್ ಕೊಡಬೇಡಿ. ಅವಳಿಗೆ ನಿಮ್ಮ ಕಥೆ ಇನ್ನೂ ಜಾಸ್ತಿ ಇಷ್ಟ. ಬ್ಯಾಂಕಿನವರು, ಪೊಲೀಸರು ಅಂತ ಹೇಳಿಕೊಂಡು ವಿಡಿಯೋ ಕರೆ ಬಂದರೆ ಕಟ್ ಮಾಡಿ, ದೊಡ್ಡ ಮೊಮ್ಮಗಳನ್ನು ಕರೆಯಿರಿ.

ನಿಯಮ ಮುರಿದರೆ

ರಾತ್ರಿ ಫೋನ್ ಹಾಲಿಗೆ ಬರದಿದ್ದರೆ ಮರುದಿನ ಒಂದು ಗಂಟೆ ಮುಂಚೆ ಬರಬೇಕು. ಸಮಯ ಮೀರಿದರೆ ಮೀರಿದಷ್ಟು ಮರುದಿನ ಕಡಿಮೆ. ಯಾರನ್ನಾದರೂ ನೋಯಿಸುವಂಥದ್ದು ಬರೆದಿದ್ದರೆ ಅದನ್ನು ತೆಗೆದು, ಅವರ ಹತ್ತಿರ ನೇರವಾಗಿ ಕ್ಷಮೆ ಕೇಳಬೇಕು. ಬೇಕಾದರೆ ನಾವೂ ಜೊತೆಗೆ ಬರುತ್ತೇವೆ. ತಿಂಗಳುಗಟ್ಟಲೆ ಫೋನ್ ಕಸಿದುಕೊಳ್ಳುವುದು, ಗೆಳೆಯರ ಎದುರು ಬೈಯುವುದು ಇಲ್ಲ. ನಾವು ತಡ ಮಾಡಿ ಫೋನ್ ಇಟ್ಟರೆ ನಮಗೂ ಇದೇ ಶಿಕ್ಷೆ, ನೆನಪಿಸುವ ಹಕ್ಕು ನಿಮಗಿದೆ.

ಬದಲಾಯಿಸಬೇಕಾದರೆ

ಪ್ರತಿ ರಜೆ ಶುರುವಾಗುವ ಮೊದಲ ಭಾನುವಾರ ಮತ್ತೆ ಕೂರುತ್ತೇವೆ. ಅದಕ್ಕೂ ಮೊದಲೇ ಏನಾದರೂ ಅನ್ಯಾಯ ಅನಿಸಿದರೆ ಕಾರಣ ಬರೆದು ಫ್ರಿಜ್ ಮೇಲೆ ಅಂಟಿಸಿ, ವಾರದೊಳಗೆ ಮಾತಾಡೋಣ. ಅಲ್ಲಿಯವರೆಗೆ ಈಗಿನ ನಿಯಮವೇ ನಡೆಯುತ್ತದೆ. ಅಕ್ಕ ಕೇಳಿರುವ ಪರೀಕ್ಷೆ ಸಮಯದ ವಿನಾಯಿತಿಯನ್ನು ಮುಂದಿನ ಸಲ ಮೊದಲಿಗೆ ತೆಗೆದುಕೊಳ್ಳುತ್ತೇವೆ.

ಅಪ್ಪ, ಅಮ್ಮ